ಗಡಿಯಾರದ ಜೊತೆಗೇ ಓದಬೇಕಾದ ಕೋಷ್ಟಕ

ಮಳೆಗಾಲದ ಚೆಂಬೂರಿನಲ್ಲಿ ವಾರವಾದರೂ ಇಳಿಯದ ಜ್ವರ. ಕಲ್ಚರ್‌ಗೆ ಹಾಕಿದ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ ಎಂದುಕೊಳ್ಳೋಣ. ಲ್ಯಾಬಿನ ಗೋಡೆಯ ಮೇಲಿನ ಕೋಷ್ಟಕ ಬ್ಯಾಕ್ಟೀರಿಯಾಗಳ ಹೆಸರುಗಳ ಎದುರು ಪ್ಲಸ್, ಮೈನಸ್ ಗುರುತುಗಳನ್ನು ತೋರಿಸುತ್ತದೆ. ಆ ಗುರುತುಗಳು ಬ್ಯಾಕ್ಟೀರಿಯಾದ ಮಾರ್ಪಡದ ಗುಣಗಳಲ್ಲ, ಗೊತ್ತುಪಡಿಸಿದ ಹೊತ್ತಿನಲ್ಲಿ ನೋಡಿದರೆ ಮಾತ್ರ ನಿಜವಾಗುವ ಉತ್ತರಗಳು ಎಂಬುದು ನನ್ನ ವಾದ. ಮೊದಲ ಹೆಜ್ಜೆಯಾದ ಗ್ರಾಂ ಬಣ್ಣದಲ್ಲೇ ಇದು ಕಾಣುತ್ತದೆ. 1884ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಪ್ರಕಟಿಸಿದ ಈ ವಿಧಾನದಲ್ಲಿ ನೇರಳೆ ಬಣ್ಣ, ಅಯೋಡಿನ್ ಹಾಕಿ ಆಲ್ಕೋಹಾಲ್‌ನಿಂದ ತೊಳೆಯುತ್ತಾರೆ. ದಪ್ಪ ಗೋಡೆಯ ಜೀವಕೋಶ ನೇರಳೆಯನ್ನು ಹಿಡಿದಿಟ್ಟುಕೊಳ್ಳುತ್ತದೆ; ತೆಳು ಗೋಡೆಯದು ಬಿಟ್ಟುಕೊಟ್ಟು, ಕೊನೆಗೆ ಹಾಕುವ ಕೆಂಪು ಬಣ್ಣ ತಳೆಯುತ್ತದೆ. ಕೆಲವು ಸೆಕೆಂಡು ಹೆಚ್ಚು ತೊಳೆದರೆ ದಪ್ಪ ಗೋಡೆಯದೂ ಕೆಂಪಾಗಿ ಮೋಸ ಮಾಡುತ್ತದೆ. ಆದ್ದರಿಂದಲೇ ಒಂದು ದಪ್ಪ ಗೋಡೆಯದು, ಇನ್ನೊಂದು ತೆಳು ಗೋಡೆಯದು ಎಂದು ಗೊತ್ತಿರುವ ಎರಡು ಬ್ಯಾಕ್ಟೀರಿಯಾಗಳಿಗೂ ಜೊತೆಗೇ ಬಣ್ಣ ಹಾಕಿ ಹೋಲಿಸಬೇಕು.

ನಮ್ಮ ಮಾದರಿಯಲ್ಲಿ ಕೆಂಪು ಕಡ್ಡಿಗಳು ಕಂಡವು. ಟೈಫಾಯಿಡ್‌ನ ಸಾಲ್ಮೊನೆಲ್ಲಾ ಟೈಫಿಯೂ ಹೀಗೇ, ಇ. ಕೋಲೈಯೂ ಹೀಗೇ. ಇವನ್ನು ಬೇರ್ಪಡಿಸಲು ಮೂರು ಸಕ್ಕರೆಗಳಿರುವ ಟಿಎಸ್‌ಐ ಅಗರ್‌ನ ನಳಿಗೆಗೆ ಚುಚ್ಚಿ, ಮೇಲಿನ ಇಳಿಜಾರಿಗೂ ಸವರುತ್ತಾರೆ. ಅದರಲ್ಲಿ ಲ್ಯಾಕ್ಟೋಸ್, ಸುಕ್ರೋಸ್ ತಲಾ ಶೇಕಡಾ 1, ಗ್ಲೂಕೋಸ್ ಕೇವಲ 0.1. ಆಮ್ಲ ಹುಟ್ಟಿದರೆ ಬಣ್ಣ ಹಳದಿ. ಟೈಫಿ ಗ್ಲೂಕೋಸನ್ನು ಮಾತ್ರ ಬಳಸುತ್ತದೆ. ಅದು ಮುಗಿದ ಮೇಲೆ, ಗಾಳಿ ಸಿಗುವ ಇಳಿಜಾರಿನಲ್ಲಿ ಪ್ರೋಟೀನಿನ ತುಣುಕುಗಳನ್ನು ಒಡೆದು ಕ್ಷಾರ ಬಿಡುವುದರಿಂದ ಅಲ್ಲಿ ಕೆಂಪು ಮರಳುತ್ತದೆ. ತಳ ಹಳದಿಯಾಗೇ ಉಳಿಯುತ್ತದೆ. ಅನಿಲದ ಗುಳ್ಳೆ ಇರುವುದಿಲ್ಲ. ಇಳಿಜಾರು ಮತ್ತು ತಳದ ನಡುವೆ ಸಾಮಾನ್ಯವಾಗಿ ತೆಳು ಕಪ್ಪು ಗೆರೆ ಮೂಡುತ್ತದೆ. ಇ. ಕೋಲೈಗೆ ಲ್ಯಾಕ್ಟೋಸ್ ಧಾರಾಳವಾಗಿ ಸಿಗುವುದರಿಂದ ನಳಿಗೆಯೆಲ್ಲ ಹಳದಿ, ಗುಳ್ಳೆಗಳೂ ಸಾಮಾನ್ಯ. ಆದರೆ ಏಳೆಂಟು ಗಂಟೆಗೇ ನೋಡಿದರೆ ಟೈಫಿಯ ಗ್ಲೂಕೋಸ್ ಇನ್ನೂ ಮುಗಿದಿರುವುದಿಲ್ಲ. ಅದರ ನಳಿಗೆಯೂ ಪೂರ್ತಿ ಹಳದಿಯಾಗಿರಬಹುದು. 18ರಿಂದ 24 ಗಂಟೆಯೊಳಗಿನ ಓದಷ್ಟೇ ನಂಬಿಕೆಗೆ ಅರ್ಹ. ಮುಚ್ಚಳ ಬಿಗಿಯಾಗಿದ್ದರೂ ಗಾಳಿಯಿಲ್ಲದೆ ಕೆಂಪು ಮರಳದು.

ತಪ್ಪು ಗೊತ್ತಾಗುವುದು ಹೇಗೆ? ಮೆಕಾಂಕಿ ತಟ್ಟೆಯೂ ಲ್ಯಾಕ್ಟೋಸ್ ಬಗ್ಗೆಯೇ ಕೇಳುತ್ತದೆ: ಬಳಸುವವು ಗುಲಾಬಿ, ಬಳಸದವು ಬಣ್ಣವಿಲ್ಲದ ಕಾಲೊನಿ. ತಟ್ಟೆಯಲ್ಲಿ ಬಣ್ಣವಿಲ್ಲ, ನಳಿಗೆ ಪೂರ್ತಿ ಹಳದಿ ಎಂದಾದರೆ ಮೊದಲು ಹೊತ್ತನ್ನು ಅನುಮಾನಿಸಬೇಕು. ಲ್ಯಾಕ್ಟೋಸನ್ನು ನಿಧಾನವಾಗಿ ಬಳಸುವ ಇ. ಕೋಲೈಗಳೂ ಇವೆಯಲ್ಲ ಎಂಬ ಆಕ್ಷೇಪ ಸರಿಯೇ. ಅಂಥಲ್ಲಿ ಇಂಡೋಲ್ ಪರೀಕ್ಷೆ ನೆರವಾಗುತ್ತದೆ: ಇ. ಕೋಲೈಗೆ ಸಾಮಾನ್ಯವಾಗಿ ಪ್ಲಸ್, ಟೈಫಿಗೆ ಮೈನಸ್. ಟೈಫಿ ಎಂಬ ಹೆಸರನ್ನು ಕೊನೆಗೆ ಗಟ್ಟಿಮಾಡುವುದು ಆಂಟಿಸೀರಂ.

ನಿಮಿಷಗಳಲ್ಲಿ ಪ್ರೋಟೀನುಗಳ ತೂಕ ನೋಡಿ ಹೆಸರು ಹೇಳುವ ಯಂತ್ರಗಳಿರುವಾಗ ಇದೇಕೆ ಎನ್ನಬಹುದು. ಆ ಯಂತ್ರಗಳಿಗೂ ಶಿಗೆಲ್ಲಾ ಮತ್ತು ಇ. ಕೋಲೈಯನ್ನು ಬೇರ್ಪಡಿಸುವುದು ಕಷ್ಟ. ಅಲ್ಲಿ ಮತ್ತೆ ನಳಿಗೆಗಳತ್ತ ಬರಬೇಕು. ವೈದ್ಯರು ಅಷ್ಟು ಹೊತ್ತು ಕಾಯಲಾರರು ಎನ್ನುವುದಾದರೆ, ಗ್ರಾಂ ವರದಿಯನ್ನು ಅಂದೇ ಕೊಡಬಹುದು, ಚಿಕಿತ್ಸೆ ಶುರುವಾಗಬಹುದು. ಆದರೆ ಆ ವರದಿಯಲ್ಲಿ ಕೆಂಪು ಕಡ್ಡಿ ಎಂದಿರಬೇಕೇ ಹೊರತು ಟೈಫಿ ಎಂದಲ್ಲ. ನಳಿಗೆಯ ಫಲಿತಾಂಶದ ಪಕ್ಕದಲ್ಲಿ ಅದನ್ನು ಎಷ್ಟನೇ ಗಂಟೆಗೆ ಓದಿದ್ದು ಎಂದೂ ಬರೆದಿದ್ದರೆ, ಪ್ಲಸ್ಸನ್ನೋ ಮೈನಸ್ಸನ್ನೋ ಎಷ್ಟು ನಂಬಬಹುದು ಎಂದು ಓದಿದವರಿಗೆ ತಿಳಿಯುತ್ತದೆ.