ಮೌನಕ್ಕೂ ಸೊನ್ನೆಗೂ ಇರುವ ಭೇದ

ಯಲಹಂಕ ಉಪನಗರದ ನಮ್ಮ ಮನೆಯ ತಾರಸಿಯ ಮೇಲೆ ಮೂರು ಕಿಲೋವಾಟಿನ ಸೌರಫಲಕಗಳನ್ನು ಹಾಕಿಸಿ ಹೆಚ್ಚುಕಡಮೆ ಒಂದು ವರ್ಷವಾಗುತ್ತ ಬಂದಿದ್ದಾಗ, ಅವು ದಿನದಿನವೂ ಉತ್ಪಾದಿಸುವ ವಿದ್ಯುತ್ತಿನ ಲೆಕ್ಕವನ್ನು ನಾನೇ ಬರೆದಿಡಬೇಕೆಂಬ ಆಸೆಯಿಂದ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ನಿಯಂತ್ರಕವನ್ನು ತಂದು ಇನ್‌ವರ್ಟರಿಗೆ ಜೋಡಿಸಿದೆನು. ಮರುದಿನ ಬೆಳಿಗ್ಗೆ ಏಳು ಗಂಟೆಗೆ ಅದರ ದಿನಚರಿಯನ್ನು ತೆರೆದು ನೋಡಲಾಗಿ, ಸೂರ್ಯನು ಎದುರುಮನೆಯ ನೀರಿನ ತೊಟ್ಟಿಯ ಮೇಲಕ್ಕೆ ಇನ್ನೂ ಏರಿರದ ಆ ಹೊತ್ತಿನಲ್ಲಿಯೇ ಅಂದಿನ ಉತ್ಪಾದನೆ 4126 ಯೂನಿಟ್ಟುಗಳೆಂದು ಅಲ್ಲಿ ನಮೂದಾಗಿತ್ತು. ಒಳ್ಳೆಯ ಬಿಸಿಲಿನ ದಿನದಲ್ಲಿಯೂ ಹನ್ನೆರಡು ಹದಿಮೂರು ಯೂನಿಟ್ಟುಗಳನ್ನು ಮೀರದ ಫಲಕಗಳು ಅವು. ಈ ಅಸಂಗತವಾದ ಸಂಖ್ಯೆಯ ಮೂಲವನ್ನು ಹುಡುಕುತ್ತ ಹೋದಾಗ ನಾನು ಕಲಿತ ವಿಷಯವೇ ಈ ಲೇಖನದ ವಸ್ತು.

ಗೇಟಿನ ಬಳಿ ಬೆಸ್ಕಾಂ ಅಳವಡಿಸಿರುವ ದ್ವಿಮುಖ ಮೀಟರು ಇರುವಾಗ ಬೇರೊಂದು ಲೆಕ್ಕವೇತಕ್ಕೆಂದು ಓದುಗರು ಕೇಳಬಹುದು. ಆ ಮೀಟರು ಜಾಲದಿಂದ ಮನೆಯೊಳಕ್ಕೆ ಬಂದುದನ್ನೂ ಮನೆಯಿಂದ ಜಾಲಕ್ಕೆ ಹೋದುದನ್ನೂ ಮಾತ್ರ ಬಲ್ಲುದು. ತಾರಸಿಯಲ್ಲಿ ಹುಟ್ಟಿ, ಗೇಟನ್ನು ತಲಪುವ ಮೊದಲೇ ಮನೆಯ ಪಂಪಿನಲ್ಲಿಯೋ ಮಿಕ್ಸಿಯಲ್ಲಿಯೋ ವ್ಯಯವಾದ ವಿದ್ಯುತ್ತು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಮೇಲಾಗಿ ಅದು ಮುದ್ರೆಯೊತ್ತಿದ ಸಾಧನವಾದುದರಿಂದ ಅದನ್ನು ಯಾರೂ ಮುಟ್ಟತಕ್ಕದ್ದಲ್ಲ. ಆದುದರಿಂದ ಇನ್‌ವರ್ಟರಿನಿಂದ ಮನೆಯ ವಿತರಣಾ ಪೆಟ್ಟಿಗೆಗೆ ಇಳಿದುಬರುವ ತಂತಿಯ ದಾರಿಯಲ್ಲಿ ಈಸ್ಟ್ರಾನ್ ಎಸ್‌ಡಿಎಂ120 ಎಂಬ ಒಂದು ಖಾಸಗಿ ಮೀಟರನ್ನು ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರರಿಂದ ಕೂಡಿಸಿದೆನು. 230 ವೋಲ್ಟಿನ ಆ ಕೆಲಸ ನನ್ನದಲ್ಲ. ಮೀಟರಿನ ಇನ್ನೊಂದು ಮಗ್ಗುಲಲ್ಲಿ A ಮತ್ತು B ಎಂದು ಗುರುತು ಮಾಡಿರುವ ಎರಡು ತಿರುಪುಗಳಿಂದ ಮುಂದಿನದು ಮಾತ್ರ ನನ್ನ ಪಾಲಿನದು.

ಆ ಎರಡು ತಿರುಪುಗಳಿಂದ ಹೊರಡುವ ಜೋಡಿತಂತಿಯ ಪದ್ಧತಿಗೆ ಆರ್‌ಎಸ್-485 ಎಂದು ಹೆಸರು. ಒಂದು ತಂತಿಯ ವೋಲ್ಟೇಜು ಮತ್ತೊಂದಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಮೆ ಎಂಬ ವ್ಯತ್ಯಾಸವೇ ಇಲ್ಲಿ ಸಂಕೇತವಾದುದರಿಂದ, ಎರಡು ತಂತಿಗಳನ್ನೂ ಒಂದಕ್ಕೊಂದು ಹೆಣೆದಿದ್ದರೆ ಹೊರಗಿನ ಗದ್ದಲವು ಎರಡರ ಮೇಲೂ ಸಮನಾಗಿ ಬಿದ್ದು ವ್ಯತ್ಯಾಸವನ್ನು ಕೆಡಿಸದೆ ಹೋಗುತ್ತದೆ; ಕಡಮೆ ವೇಗದಲ್ಲಿ ಸುಮಾರು 4000 ಅಡಿಗಳ ದೂರಕ್ಕೂ ಮಾತು ತಲಪುವುದು ಈ ಗುಣದಿಂದಲೇ. ಆ ತಂತಿಯ ಮೇಲೆ ಆಡುವ ಭಾಷೆ ಮಾಡ್‌ಬಸ್. ಕಾರ್ಖಾನೆಗಳ ನಿಯಂತ್ರಣ ಯಂತ್ರಗಳಿಗಾಗಿ ಮೋಡಿಕಾನ್ ಎಂಬ ಅಮೆರಿಕದ ಸಂಸ್ಥೆ 1979ರಲ್ಲಿ ಪ್ರಕಟಿಸಿದ ಈ ಭಾಷೆಯಲ್ಲಿ ಒಂದೇ ಒಂದು ಶಿಷ್ಟಾಚಾರವುಂಟು: ಪ್ರಶ್ನೆ ಕೇಳುವವನು ಒಬ್ಬನೇ, ಮಿಕ್ಕವರೆಲ್ಲರೂ ತಮ್ಮ ಸಂಖ್ಯೆಯನ್ನು ಕರೆದಾಗ ಮಾತ್ರ ಉತ್ತರಿಸತಕ್ಕವರು. ನಮ್ಮ ಮನೆಯಲ್ಲಿ ಪ್ರಶ್ನಿಸುವುದು ಇಎಸ್‌ಪಿ32 ಎಂಬ ನಿಯಂತ್ರಕ; ಮೀಟರಿಗೆ 1, ಇನ್‌ವರ್ಟರಿಗೆ 2 ಎಂಬ ಸಂಖ್ಯೆಗಳು. ಒಂದೇ ತಂತಿಯಲ್ಲಿರುವವರೆಲ್ಲರೂ ಒಂದೇ ವೇಗದಲ್ಲಿ ಮಾತನಾಡಬೇಕಾದುದರಿಂದ, ಸೆಕೆಂಡಿಗೆ 2400 ಬಿಟ್ಟುಗಳಿಗೆ ಹೊಂದಿಸಿದ್ದ ಮೀಟರನ್ನು ಇನ್‌ವರ್ಟರಿನ ವೇಗವಾದ 9600ಕ್ಕೆ ಬದಲಿಸಬೇಕಾಯಿತು.

ವೋಲ್ಟೇಜು ಎಷ್ಟೆಂದು ಮೀಟರನ್ನು ಕೇಳುವ ಪ್ರಶ್ನೆಯೂ ಅದರ ಉತ್ತರವೂ ತಂತಿಯ ಮೇಲೆ ಹೀಗಿರುತ್ತವೆ:

```
01 04 00 00 00 02 71 CB
01 04 04 43 66 33 34 1B 38
```

ಮೊದಲ ಸಾಲಿನ 01 ಎಂಬುದು ಮೀಟರಿನ ಸಂಖ್ಯೆ. 04 ಎಂಬುದು ಅಳತೆಗಳನ್ನು ಓದಿ ಹೇಳೆಂಬ ಆಜ್ಞೆ. ಅನಂತರದ ನಾಲ್ಕು ಬೈಟುಗಳು, ಸೊನ್ನೆಯ ಸ್ಥಾನದಿಂದ ಮೊದಲ್ಗೊಂಡು ಎರಡು ರಿಜಿಸ್ಟರುಗಳನ್ನು ಕೊಡೆಂದು ಹೇಳುತ್ತವೆ. ರಿಜಿಸ್ಟರೆಂದರೆ ಎರಡು ಬೈಟುಗಳ ಒಂದು ಗೂಡು. ಉತ್ತರದಲ್ಲಿಯೂ ಅದೇ 01, ಅದೇ 04, ಬಳಿಕ ನಾಲ್ಕು ಬೈಟುಗಳು ಬರಲಿವೆಯೆಂಬ ಮುನ್ಸೂಚನೆ, ಆಮೇಲೆ 43 66 33 34 ಎಂಬ ವಸ್ತು. ಈ ನಾಲ್ಕು ಬೈಟುಗಳನ್ನು ದಶಾಂಶಸಹಿತ ಸಂಖ್ಯೆಯನ್ನಾಗಿ ಅರ್ಥಮಾಡಿದರೆ 230.2 ವೋಲ್ಟೆಂದಾಗುತ್ತದೆ. ಎರಡು ಸಾಲುಗಳ ಕೊನೆಯಲ್ಲಿಯೂ ಇರುವ ಎರಡೆರಡು ಬೈಟುಗಳು ಸಿಆರ್‌ಸಿ ಎಂಬ ತಾಳೆಯ ಅಂಕಗಳು: ಕಳುಹಿಸಿದವನು ತನ್ನ ಸಂದೇಶದ ಮೇಲೆ ಒಂದು ಗಣಿತವನ್ನು ಮಾಡಿ ಫಲವನ್ನು ತುದಿಗೆ ಸೇರಿಸುತ್ತಾನೆ, ಪಡೆದವನು ಅದೇ ಗಣಿತವನ್ನು ಮಾಡಿ ಹೋಲಿಸುತ್ತಾನೆ, ಹೊಂದದಿದ್ದರೆ ಸಂದೇಶವನ್ನು ತ್ಯಜಿಸುತ್ತಾನೆ. ಪ್ರಶ್ನೆಯ ಎಂಟು ಬೈಟುಗಳು ತಂತಿಯ ಮೇಲೆ ಹರಿದುಹೋಗಲು ಸುಮಾರು 8 ಮಿಲಿಸೆಕೆಂಡು ಬೇಕು. ಒಂದು ಸಂದೇಶ ಮುಗಿಯಿತೆಂಬುದಕ್ಕೆ ಗುರುತು ಬೇರಾವ ಚಿಹ್ನೆಯೂ ಅಲ್ಲ, ಸುಮಾರು 4 ಮಿಲಿಸೆಕೆಂಡುಗಳ ಮೌನವೇ.

ಇಷ್ಟು ಸರಳವಾದ ಸಂಭಾಷಣೆಯಲ್ಲಿ ನನಗೆ ಮೊದಲು ದೊರಕಿದುದು ಕೇವಲ ನಿಶ್ಶಬ್ದ. ಯಶವಂತಪುರದಲ್ಲಿರುವ ಮಿತ್ರರೊಬ್ಬರು, ಪೀಣ್ಯದ ಕಾರ್ಖಾನೆಗಳಲ್ಲಿ ಬಹುಕಾಲ ಇಂಥ ತಂತಿಗಳನ್ನೇ ಎಳೆದವರು, ಫೋನಿನಲ್ಲಿ ನನ್ನ ಮಾತನ್ನು ಕೇಳಿ, "ಏನೂ ಯೋಚನೆ ಮಾಡ್ಬೇಡಿ ಸಾರ್, ಮೊದ್ಲು ಎರಡು ವೈರನ್ನ ಅದಲುಬದಲು ಮಾಡಿ ನೋಡಿ" ಎಂದರು. A ಮತ್ತು B ಎಂಬ ಗುರುತುಗಳನ್ನು ಎಲ್ಲ ತಯಾರಕರೂ ಒಂದೇ ಅರ್ಥದಲ್ಲಿ ಬಳಸುವುದಿಲ್ಲವೆಂಬುದೂ, ಅದಲುಬದಲಾದರೆ ಯಾವ ಉಪಕರಣವೂ ಕೆಡುವುದಿಲ್ಲವೆಂಬುದೂ ಆಗ ತಿಳಿಯಿತು. ಬದಲಿಸಿದೊಡನೆ ಉತ್ತರ ಬರತೊಡಗಿತು; ಆದರೆ ಅದರ ಮೊದಲ ಬೈಟು ಆಗಾಗ ಕಾಣೆಯಾಗುತ್ತಿದ್ದಿತು. ಜೋಡಿತಂತಿ ಒಂದೇ ಆದುದರಿಂದ ನಿಯಂತ್ರಕದ ಪಕ್ಕದ ಪುಟ್ಟ ಚಿಪ್ಪು ಒಮ್ಮೆ ಮಾತನಾಡುವ ಸ್ಥಿತಿಯಲ್ಲಿಯೂ ಒಮ್ಮೆ ಕೇಳುವ ಸ್ಥಿತಿಯಲ್ಲಿಯೂ ಇರಬೇಕು. ಪ್ರಶ್ನೆ ಮುಗಿದಮೇಲೆ ಅದು ಕೇಳುವ ಸ್ಥಿತಿಗೆ ತಡವಾಗಿ ಮರಳಿದರೆ ಉತ್ತರದ ತಲೆ ಕತ್ತರಿಸಿಹೋಗುತ್ತದೆ. ಬೇಗನೆ ಮರಳಿದರೆ ತನ್ನ ಪ್ರಶ್ನೆಯ ಬಾಲವೇ ಕತ್ತರಿಸಿಹೋಗಿ ಮೀಟರು ಮೌನವಾಗಿರುತ್ತದೆ. ಕೊನೆಯ ಬಿಟ್ಟು ತಂತಿಗೆ ಇಳಿಯುವವರೆಗೆ ಮಾತ್ರ ಕಾದು, ಒಡನೆಯೇ ದಿಕ್ಕನ್ನು ತಿರುಗಿಸುವಂತೆ ನಿಯಂತ್ರಕದ ಪ್ರೋಗ್ರಾಮನ್ನು ಬರೆದಮೇಲೆ ಆ ದೋಷವೂ ನಿಂತಿತು.

ಇವೆರಡೂ ತಮ್ಮನ್ನು ತಾವೇ ಪ್ರಕಟಿಸಿಕೊಳ್ಳುವ ದೋಷಗಳು. ಅವುಗಳಿಗಿಂತ ಸೂಕ್ಷ್ಮವಾದವು, ತಾಳೆಯ ಅಂಕಗಳು ಸರಿಯಾಗಿ ಹೊಂದಿಯೂ ಅರ್ಥ ತಪ್ಪುವಂಥವು. ನನ್ನ ಮೊದಲ ಬರವಣಿಗೆಯಲ್ಲಿ ಎರಡು ರಿಜಿಸ್ಟರುಗಳ ಕ್ರಮವನ್ನು ಹಿಂದುಮುಂದಾಗಿ ಹಿಡಿದಿದ್ದೆನು; 43 66 33 34 ಎಂಬುದು 33 34 43 66 ಎಂದಾಗಿ, 230 ವೋಲ್ಟಿರಬೇಕಾದಲ್ಲಿ 0.00000004 ಎಂಬ ಕ್ಷುದ್ರಸಂಖ್ಯೆ ಕಾಣಿಸಿತು. ವೋಲ್ಟೇಜಿನ ವಿಷಯದಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ರಾತ್ರಿಯಲ್ಲಿ ಸಹಜವಾಗಿಯೇ ಸೊನ್ನೆಗೆ ಸಮೀಪವಾಗಿರುವ ವಿದ್ಯುತ್ಪ್ರವಾಹವನ್ನು ಓದುತ್ತಿದ್ದಿದ್ದರೆ ತಪ್ಪೆಂದು ತಿಳಿಯುತ್ತಲೇ ಇರಲಿಲ್ಲ. ಕೈಪಿಡಿಯ ಸಂಖ್ಯೆಗಳಲ್ಲಿಯೂ ಇಂಥದೊಂದು ಹೊಂಚುಕುಳಿ ಇದೆ. ಒಟ್ಟು ಯೂನಿಟ್ಟುಗಳ ರಿಜಿಸ್ಟರನ್ನು ಈ ಮೀಟರಿನ ಕೈಪಿಡಿ 30343 ಎಂದು ಕರೆಯುತ್ತದೆ. ಮೊದಲ ಅಂಕಿಯಾದ 3 ಆ ರಿಜಿಸ್ಟರಿನ ವರ್ಗವನ್ನು ಸೂಚಿಸುವುದರಿಂದಲೂ, ಕೈಪಿಡಿಯ ಎಣಿಕೆ ಒಂದರಿಂದಲೂ ತಂತಿಯ ಎಣಿಕೆ ಸೊನ್ನೆಯಿಂದಲೂ ಪ್ರಾರಂಭವಾಗುವುದರಿಂದಲೂ, ತಂತಿಯ ಮೇಲೆ ಕೇಳಬೇಕಾದುದು 342, ಅಂದರೆ 0x0156. ಒಂದು ಸ್ಥಾನ ತಪ್ಪಿ ಕೇಳಿದರೆ, ಉಪಕರಣವು 84 02 ಎಂಬ ನಿರಾಕರಣೆಯನ್ನು ಕಳುಹಿಸಬಹುದು, ಇಲ್ಲವೇ ಒಂದು ಸಂಖ್ಯೆಯ ಹಿಂದಿನರ್ಧವನ್ನೂ ಮುಂದಿನ ಗೂಡಿನಲ್ಲಿರುವುದನ್ನೂ ಬೆಸೆದು ಒಪ್ಪಿಸಬಹುದು. ಸಂದೇಶವು ದಾರಿಯಲ್ಲಿ ಕೆಡಲಿಲ್ಲವೆಂಬುದಕ್ಕೆ ಮಾತ್ರ ಸಿಆರ್‌ಸಿ ಸಾಕ್ಷಿ. ಕೇಳಿದವನು ಸರಿಯಾಗಿ ಕೇಳಿದನೆಂಬುದಕ್ಕೂ ಸರಿಯಾಗಿ ತಿಳಿದನೆಂಬುದಕ್ಕೂ ಅದು ಸಾಕ್ಷಿಯಲ್ಲ. ಅದಕ್ಕೆ ಇರುವ ಪರೀಕ್ಷೆ ಒಂದೇ: ಮೀಟರಿನ ಮುಖದ ಮೇಲಿನ ಪರದೆಯನ್ನು ಕಣ್ಣಾರೆ ನೋಡಿ, ನಿಯಂತ್ರಕ ಓದಿದ ಪ್ರತಿಯೊಂದು ಅಂಶವನ್ನೂ ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ, ಅದರೊಡನೆ ತಾಳೆನೋಡುವುದು.

ಇನ್ನು 4126ರ ವಿಷಯ. ಜಾಲಕ್ಕೆ ಜೋಡಿಸಿರುವ ನಮ್ಮ ಇನ್‌ವರ್ಟರು ತನ್ನ ಸ್ವಂತ ಜೀವಕ್ಕೆ ಬೇಕಾದ ಶಕ್ತಿಯನ್ನು ಫಲಕಗಳಿಂದಲೇ ಪಡೆಯತಕ್ಕದ್ದು. ಆದುದರಿಂದ ಹೊತ್ತು ಮುಳುಗಿ ಬಿಸಿಲಾರಿದ ಮೇಲೆ ಅದು ನಿದ್ರಿಸುತ್ತದೆ, ಕರೆದರೆ ಓಗೊಡುವುದಿಲ್ಲ. ಉತ್ತರ ಬಾರದಿದ್ದಾಗ ನನ್ನ ಬರವಣಿಗೆ ಏನು ಮಾಡುತ್ತಿದ್ದಿತೆಂದರೆ, ಬಾರದ ಸಂಖ್ಯೆಯ ಜಾಗದಲ್ಲಿ ಸೊನ್ನೆಯನ್ನು ಬರೆಯುತ್ತಿದ್ದಿತು. ಹೀಗಾಗಿ ವರ್ಷವಿಡೀ ಸಂಚಿತವಾಗಿದ್ದ 4126 ಯೂನಿಟ್ಟುಗಳು ಸಂಜೆಗೆ ಸೊನ್ನೆಯಾದವು. ನಡುರಾತ್ರಿಯಲ್ಲಿ ಹೊಸದಿನದ ಲೆಕ್ಕ ಆ ಸೊನ್ನೆಯಿಂದಲೇ ಮೊದಲಾಯಿತು. ಬೆಳಗಾಗಿ ಇನ್‌ವರ್ಟರು ಎಚ್ಚತ್ತು ತನ್ನ ನಿಜವಾದ ಮೊತ್ತವನ್ನು ಹೇಳಿದಾಗ, ಅಷ್ಟೂ ಆ ಒಂದೇ ಮುಂಜಾವದ ಸಂಪಾದನೆಯಾಗಿ ತೋರಿತು. ಇನ್‌ವರ್ಟರಾಗಲಿ ತಂತಿಯಾಗಲಿ ಸುಳ್ಳಾಡಿರಲಿಲ್ಲ. ಮೌನವನ್ನು ನಾನು ಸೊನ್ನೆಯೆಂದು ಭಾಷಾಂತರಿಸಿದ್ದೆನು. ತಿದ್ದುಪಡಿ ನಾಲ್ಕೇ ಸಾಲಿನದು:

```python
if reply is None or not crc_ok(reply) or reply[1] != 0x04:
    value = None
else:
    value = struct.unpack('>f', reply[3:7])[0]
```

ಉತ್ತರವಿಲ್ಲದಲ್ಲಿ ದಿನಚರಿಯ ಮನೆಯನ್ನು ಬರಿದಾಗಿಯೇ ಬಿಡಬೇಕೆಂಬುದು ಇದರ ತಾತ್ಪರ್ಯ. ಮೇಲಿನ ಕೊನೆಯ ಸಾಲು ನನ್ನ ಮೀಟರಿನ ರೀತಿಗೆ ಒಪ್ಪತಕ್ಕದ್ದು. ಇನ್‌ವರ್ಟರುಗಳು ಸಾಮಾನ್ಯವಾಗಿ ಪೂರ್ಣಾಂಕವನ್ನೇ ಕೊಟ್ಟು ಹತ್ತರಿಂದಲೋ ನೂರರಿಂದಲೋ ಭಾಗಿಸಿಕೊಳ್ಳೆಂದು ಕೈಪಿಡಿಯಲ್ಲಿ ಹೇಳುವುದುಂಟು.

ಮೌನವನ್ನು ಮೌನವೆಂದೇ ಬರೆದಿಡಲು ತೊಡಗಿದಮೇಲೆ ಅದರಿಂದಲೂ ಸಮಾಚಾರ ದೊರೆಯುವುದೆಂದು ಕಂಡುಬಂದಿತು. ಮೀಟರಿಗೆ ಜೀವ ಬೆಸ್ಕಾಂ ಜಾಲದಿಂದ, ಇನ್‌ವರ್ಟರಿಗೆ ಜೀವ ಬಿಸಿಲಿನಿಂದ, ನಿಯಂತ್ರಕಕ್ಕೆ ಜೀವ ಮನೆಯ ಯುಪಿಎಸ್ಸಿನಿಂದ. ಮೀಟರು ಉತ್ತರಿಸಿ ಇನ್‌ವರ್ಟರು ಸುಮ್ಮನಿದ್ದರೆ ಅದು ರಾತ್ರಿಯೆಂದರ್ಥ. ಅದೇ ಸ್ಥಿತಿ ನಡುಮಧ್ಯಾಹ್ನದಲ್ಲಿ ಕಂಡರೆ ತಾರಸಿಗೆ ಹೋಗಿ ನೋಡಬೇಕೆಂದರ್ಥ. ಹಗಲಿನಲ್ಲಿ ಮೀಟರು ಸುಮ್ಮನಾದರೆ ಕರೆಂಟು ಹೋಗಿದೆಯೆಂದು ತಿಳಿಯಬೇಕು. ಆಗ ಬಿಸಿಲೆಷ್ಟಿದ್ದರೂ ಇನ್‌ವರ್ಟರು ಉತ್ಪಾದನೆಯನ್ನು ನಿಲ್ಲಿಸಬೇಕಾದುದು ಕಂಬದ ಮೇಲೆ ದುಡಿಯುವ ಲೈನ್‌ಮನ್ನನ ಪ್ರಾಣರಕ್ಷಣೆಗಾಗಿ ಮಾಡಿರುವ ಕಟ್ಟಳೆ. ಮನೆಯಲ್ಲಿ ದೀಪಗಳು ಜಾಲದಿಂದಲೇ ಉರಿಯುತ್ತಿದ್ದು, ಹೊರಗೆ ಬಿಸಿಲೂ ಇದ್ದು, ಇಬ್ಬರೂ ಸುಮ್ಮನಿದ್ದರೆ ದೋಷವಿರುವುದು ತಾರಸಿಯಿಂದ ಇಳಿದುಬರುವ ಅರವತ್ತು ಅಡಿಗಳ ಜೋಡಿತಂತಿಯಲ್ಲಿ, ಇಲ್ಲವೇ ನಿಯಂತ್ರಕದಲ್ಲಿ.

ಈ ಸಾಧನದಿಂದ ನಾನು ಅಳತೆಯ ನಿಖರತೆಯನ್ನು ಹೆಚ್ಚಿಸಿದೆನೆಂದು ಯಾರೂ ತಿಳಿಯಬಾರದು. ಮೀಟರೊಂದು ನಿಜವಾಗಿ ಎಷ್ಟು ಸರಿಯೆಂಬ ತೀರ್ಮಾನ, 1960ರಲ್ಲಿ ಸ್ಥಾಪಿತವಾದ, ಸದಾಶಿವನಗರದಲ್ಲಿರುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂಥ ಪ್ರಯೋಗಾಲಯಗಳಿಗೆ ಸೇರಿದುದು. ಬೆಸ್ಕಾಂ ಬಿಲ್ಲಿನ ವಿರುದ್ಧ ವಾದಿಸಲು ನನ್ನ ದಿನಚರಿ ಪ್ರಮಾಣವಾಗಲಾರದು. ನಿಯಂತ್ರಕ ಮಾಡುವುದು ಮೀಟರು ಹೇಳಿದುದನ್ನು ಹೇಳಿದ ಹಾಗೆ ಬರೆದಿಡುವುದಷ್ಟನ್ನೇ. ಅಷ್ಟನ್ನಾದರೂ ಅದು ಪ್ರಾಮಾಣಿಕವಾಗಿ ಮಾಡಬೇಕಾದರೆ, ತಿಳಿಯದುದನ್ನು ತಿಳಿಯದೆಂದೇ ಬರೆಯುವಂತೆ ಅದನ್ನು ಕಟ್ಟಿರಬೇಕು. ಈಗ ನನ್ನ ದಿನಚರಿಯಲ್ಲಿ ಇನ್‌ವರ್ಟರಿನ ಕಂಬಸಾಲು ಪ್ರತಿ ರಾತ್ರಿಯೂ ಬರಿದಾಗಿರುತ್ತದೆ. ಬೆಳಿಗ್ಗೆ ಅದು ಹಿಂದಿನ ಸಂಜೆಯ ಮೊತ್ತದಿಂದಲೇ ಮುಂದುವರಿಯುತ್ತದೆ.