ಹಿರಿಯರಲ್ಲಿ ಮೂತ್ರದ ಸೋಂಕು ಮತ್ತು ದಿಢೀರ್ ಗೊಂದಲ

ವಯಸ್ಸಾದವರಿಗೆ ಮೂತ್ರದ ಸೋಂಕು ತಗುಲಿದಾಗ ಕೆಲವೊಮ್ಮೆ ಉರಿಮೂತ್ರ, ಜ್ವರಕ್ಕಿಂತ ಮೊದಲು ಮನಸ್ಸಿನ ಗೊಂದಲ ಕಾಣಿಸಿಕೊಳ್ಳುತ್ತದೆ. ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ಮರೆವಿನ ಕಾಯಿಲೆ ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಡೆಲಿರಿಯಂ ಕೆಲವು ಗಂಟೆ ಅಥವಾ ಒಂದೆರಡು ದಿನಗಳಲ್ಲೇ ಬಂದು, ದಿನದೊಳಗೇ ಏರಿಳಿಯುತ್ತದೆ.

ಉದಾಹರಣೆಗೆ, ನಿನ್ನೆಯವರೆಗೆ ಮನೆಯ ಲೆಕ್ಕ ನೋಡುತ್ತಿದ್ದ 78 ವರ್ಷದ ತಾಯಿ ಸಂಜೆ ಮಗಳನ್ನು ತಂಗಿಯೆಂದು ಕರೆಯುತ್ತಾರೆ, ರಾತ್ರಿ ಎದ್ದು ತವರಿಗೆ ಹೊರಡುತ್ತಾರೆ. ಬೆಳಿಗ್ಗೆ ಸರಿಹೋದಂತೆ ಕಂಡರೂ ಮಧ್ಯಾಹ್ನ ಊಟದ ನಡುವೆ ತೂಕಡಿಸುತ್ತಾರೆ. ಕೂಗಾಟವಿಲ್ಲದ ಈ ಮಂಕುತನವೂ ಡೆಲಿರಿಯಂ ಆಗಿರಬಹುದು. ಆಯಾಸವೆಂದು ಬಿಟ್ಟುಬಿಡುವ ಅಪಾಯ ಇದರಲ್ಲೇ ಹೆಚ್ಚು.

ಗೊಂದಲ ಯಾವಾಗ ಶುರುವಾಯಿತು, ಮೂತ್ರ ಎಷ್ಟು ಬಾರಿ ಹೋಯಿತು, ಉರಿ ಅಥವಾ ಕೆಳಹೊಟ್ಟೆ ನೋವಿದೆಯೇ, ಎಷ್ಟು ನೀರು ಕುಡಿದರು, ಹೊಸ ಮಾತ್ರೆ ಏನಾದರೂ ಸೇರಿತೇ ಎಂಬುದನ್ನು ಮನೆಯವರು ಬರೆದಿಟ್ಟು ಅದೇ ದಿನ ವೈದ್ಯರಿಗೆ ತಿಳಿಸಬೇಕು. ಹಿರಿಯರ ಮೂತ್ರದಲ್ಲಿ ಸೋಂಕಿಲ್ಲದೆಯೂ ಬ್ಯಾಕ್ಟೀರಿಯಾ ಇರುವುದುಂಟು. ಆದ್ದರಿಂದ ಮೂತ್ರ ಪರೀಕ್ಷೆಯೊಂದನ್ನೇ ನಂಬದೆ, ರಕ್ತದ ಸಕ್ಕರೆ, ಸೋಡಿಯಂ, ಮಲಬದ್ಧತೆ, ಮೂತ್ರ ಕಟ್ಟಿಕೊಂಡಿರುವುದು, ಮಾತ್ರೆಗಳ ಪರಿಣಾಮ ಇವನ್ನೂ ವೈದ್ಯರು ನೋಡುತ್ತಾರೆ. ಉಳಿದಿದ್ದ ಹಳೆಯ ಆ್ಯಂಟಿಬಯಾಟಿಕ್ ಅಥವಾ ನಿದ್ರೆಮಾತ್ರೆ ಕೊಡಬಾರದು.

ಚಳಿನಡುಕ, ವೇಗದ ಉಸಿರಾಟ, ತಣ್ಣಗಾದ ಕೈಕಾಲು, ಮೂತ್ರ ತೀರಾ ಕಡಿಮೆಯಾಗುವುದು, ಎಬ್ಬಿಸಿದರೂ ಏಳದಿರುವುದು ಸೋಂಕು ರಕ್ತಕ್ಕೆ ಹರಡಿರಬಹುದೆಂಬ ಸೂಚನೆ. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣ. ಇವುಗಳಲ್ಲಿ ಯಾವುದು ಕಂಡರೂ ತಕ್ಷಣ 108ಕ್ಕೆ ಕರೆ ಮಾಡಬೇಕು.

ಸೋಂಕು ಗುಣವಾದ ಮೇಲೂ ಗೊಂದಲ ತಿಳಿಯಾಗಲು ಕೆಲವು ದಿನಗಳು, ಕೆಲವರಿಗೆ ವಾರಗಳು ಬೇಕಾಗುತ್ತವೆ. ಅಷ್ಟು ಕಾಲ ಕನ್ನಡಕ, ಶ್ರವಣಯಂತ್ರ ಕೈಗೆ ಸಿಗುವಂತಿಟ್ಟು, ರಾತ್ರಿ ಸಣ್ಣ ದೀಪ ಉರಿಸಿ, ಪರಿಚಿತರೊಬ್ಬರು ಜೊತೆಗಿರಬೇಕು.