ನಲವತ್ತಮೂರರ ಮುಂದೆ ನಲವತ್ತಾರು

ನಮ್ಮ ದೊಡ್ಡಪ್ಪ ನಿವೃತ್ತಿಯ ನಂತರ ಬರೆದಿಟ್ಟ ನೆನಪುಗಳು ಒಟ್ಟು 34 ಹಾಳೆ. ಕಾಗದ ಪೋಲು ಮಾಡುವ ಮನುಷ್ಯರಲ್ಲ ಅವರು. ಎರಡೂ ಮಗ್ಗುಲು ತುಂಬಿಸಿ, ಮೇಲ್ತುದಿಯಲ್ಲಿ ಕನ್ನಡ ಅಂಕಿಯಲ್ಲಿ ಪುಟಸಂಖ್ಯೆ ಹಾಕಿದ್ದರು. ಕೊನೆಯ ಪುಟ 67. ಅದರ ಬೆನ್ನು ಖಾಲಿ. ಇದನ್ನು ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಮಾಡಿಕೊಡು ಎಂದು ಅಕ್ಕ ಕಟ್ಟನ್ನು ನನ್ನ ಕೈಗಿಟ್ಟಳು. ಅರ್ಧ ಗಂಟೆಯ ಕೆಲಸ ಅಂದುಕೊಂಡೆ.

ಮನೆಯಲ್ಲಿರುವುದು ಪ್ರಿಂಟರ್, ಸ್ಕ್ಯಾನರ್ ಎರಡೂ ಆಗುವ ಸಾಮಾನ್ಯ ಯಂತ್ರ. ಮೇಲೊಂದು ಟ್ರೇ ಇದೆ. ಹಾಳೆಗಳ ಕಟ್ಟನ್ನು ಅದರಲ್ಲಿಟ್ಟರೆ ಒಂದೊಂದಾಗಿ ಎಳೆದುಕೊಂಡು ಸ್ಕ್ಯಾನ್ ಮಾಡುತ್ತದೆ. ಇದಕ್ಕೆ ಎಡಿಎಫ್ ಎನ್ನುತ್ತಾರೆ. ಆದರೆ ಅದು ಓದುವುದು ಹಾಳೆಯ ಒಂದು ಮಗ್ಗುಲನ್ನು ಮಾತ್ರ. ಎರಡೂ ಮಗ್ಗುಲು ಓದುವ ಯಂತ್ರಗಳಿಗೆ ಬೆಲೆ ಜಾಸ್ತಿ. ಹಾಗಾಗಿ ನಮ್ಮಂಥವರು ಕಟ್ಟನ್ನು ಎರಡು ಸಲ ಓಡಿಸಬೇಕು. ಮೊದಲ ಸಲ 1, 3, 5 ಹೀಗೆ ಬೆಸ ಪುಟಗಳು, ಎರಡನೇ ಸಲ ಸಮ ಪುಟಗಳು. ಆಮೇಲೆ ಜಡೆ ಹೆಣೆದ ಹಾಗೆ ಎರಡನ್ನೂ ಹೆಣೆಯಬೇಕು.

ಈ ಜಡೆಗೆ ಒಂದು ತಿರುವಿದೆ. ಮೊದಲ ಓಟ ಮುಗಿದಾಗ ಹಾಳೆಗಳು ಕೆಳಗಿನ ತಟ್ಟೆಯಲ್ಲಿ ಮುಖ ಕೆಳಗಾಗಿ ಬಿದ್ದಿರುತ್ತವೆ. ಮೊದಲನೇ ಹಾಳೆ ತಳದಲ್ಲಿ, ಮೂವತ್ತನಾಲ್ಕನೆಯದು ಎಲ್ಲಕ್ಕಿಂತ ಮೇಲೆ, ಅದರ ಬೆನ್ನು ನಮ್ಮ ಕಡೆಗೆ. ಹಾಗಾಗಿ ಎರಡನೇ ಓಟ ಶುರುವಾಗುವುದೇ ಕಟ್ಟಿನ ಕೊನೆಯ ಬೆನ್ನಿನಿಂದ. ನನ್ನ ಕಟ್ಟಿನಲ್ಲಿ ಮೊದಲು ಖಾಲಿ ಪುಟ, ನಂತರ 66, 64, 62 ಎಂದು ಇಳಿಯುತ್ತ ಕೊನೆಗೆ 2. ಬೆಸ ಕಡತ ಏರಿಕೆಯಲ್ಲಿ, ಸಮ ಕಡತ ಇಳಿಕೆಯಲ್ಲಿ. ಹೆಣೆಯುವ ಮುನ್ನ ಎರಡನೆಯದನ್ನು ಹಿಂದುಮುಂದು ಮಾಡಲೇಬೇಕು.

ಅದಕ್ಕಿಂತ ಮೊದಲು ಕಟ್ಟನ್ನು ಟ್ರೇಗೆ ಮರಳಿಸುವ ಪರಿ. ಬಹಳ ಜನ ಇಲ್ಲೇ ಎಡವುತ್ತಾರೆ, ನಾನೂ ಎಡವಿದ್ದೇನೆ. ಮುಖ ಮೇಲಾಗಿ ಇಡುವ ಟ್ರೇಯಾದರೆ, ಹೊರಬಿದ್ದ ಕಟ್ಟನ್ನು ಮಗುಚಲೇಬಾರದು. ಮಗುಚಿದರೆ ಮತ್ತೆ ಮೊದಲ ಹಾಳೆಯ ಮುಖವೇ ಮೇಲೆ ಬಂದು ಬೆಸ ಪುಟಗಳೇ ಎರಡನೇ ಸಲ ಸ್ಕ್ಯಾನ್ ಆಗುತ್ತವೆ. ಇದ್ದ ಹಾಗೇ ಎತ್ತಿ, ಮೇಜಿನ ಮೇಲೆ ತಟ್ಟೆ ತಿರುಗಿಸುವ ಹಾಗೆ ಅರ್ಧ ಸುತ್ತು ತಿರುಗಿಸಿ ಟ್ರೇಗಿಡಬೇಕು. ಹಾಳೆ ಯಂತ್ರದೊಳಗೆ ಹೇರ್‌ಪಿನ್ ತಿರುವು ತೆಗೆದುಕೊಂಡು ಹೊರಬರುವುದರಿಂದ, ಒಳಗೆ ಹೋಗುವಾಗ ಮುಂದಿದ್ದ ಅಂಚು ಹೊರಗೆ ಬಿದ್ದಾಗ ಎದುರು ದಿಕ್ಕಿಗಿರುತ್ತದೆ. ಅರ್ಧ ಸುತ್ತು ತಿರುಗಿಸದಿದ್ದರೆ ಸಮ ಪುಟಗಳೆಲ್ಲ ತಲೆಕೆಳಗಾಗಿ ಬರುತ್ತವೆ. ಮುಖ ಕೆಳಗಾಗಿ ಇಡುವ ಯಂತ್ರಗಳಲ್ಲಿ ಲೆಕ್ಕ ಬೇರೆ. ಮೂರು ರದ್ದಿ ಹಾಳೆಗಳ ಮೇಲೆ ಪೆನ್ಸಿಲ್ಲಿನಲ್ಲಿ 1ರಿಂದ 6ರವರೆಗೆ ಬರೆದು ಒಮ್ಮೆ ಓಡಿಸಿ ನೋಡಿದರೆ ನಿಮ್ಮ ಯಂತ್ರದ ಸ್ವಭಾವ ಎರಡೇ ನಿಮಿಷದಲ್ಲಿ ತಿಳಿಯುತ್ತದೆ. ಕೈಪಿಡಿಯ ಚಿತ್ರ ನೋಡುವುದಕ್ಕಿಂತ ಇದು ಸಲೀಸು.

ತಲೆಕೆಳಗಾಗಿದ್ದರೆ ಗಾಬರಿ ಬೇಡ, ಇಡೀ ಕಡತವನ್ನು ಒಂದೇ ಆಜ್ಞೆಯಲ್ಲಿ ತಿರುಗಿಸಬಹುದು. ಅನುಕ್ರಮ ಅದರಿಂದ ಕೆಡುವುದಿಲ್ಲ.

ಈಗ ಹೆಣಿಗೆ. ಎರಡು ಕಡತಗಳಿಗೆ `odd.pdf`, `even.pdf` ಎಂದು ಹೆಸರಿಟ್ಟುಕೊಂಡೆ. ನಾನು ಬಳಸುವುದು `qpdf` ಎಂಬ ಉಚಿತ ತಂತ್ರಾಂಶ:

```
qpdf --empty --collate --pages odd.pdf 1-z even.pdf z-1 -- full.pdf
```

ಇದರಲ್ಲಿ `z` ಅಂದರೆ ಕೊನೆಯ ಪುಟ. `1-z` ಅಂದರೆ ಮೊದಲಿನಿಂದ ಕೊನೆಗೆ, `z-1` ಅಂದರೆ ಕೊನೆಯಿಂದ ಮೊದಲಿಗೆ. `--collate` ಹೇಳುವುದು, ಎರಡೂ ಕಡೆಯಿಂದ ಸರದಿಯಂತೆ ಒಂದೊಂದು ಪುಟ ತೆಗೆದುಕೋ ಎಂದು. ಹಳೆಯ `pdftk` ಬಳಸುವವರಿಗೆ ಇದೇ ಕೆಲಸ ಹೀಗೆ:

```
pdftk A=odd.pdf B=even.pdf shuffle A Bend-1 output full.pdf
```

ಆಜ್ಞೆ ಟೈಪ್ ಮಾಡುವುದು ಬೇಡ ಎನ್ನುವವರಿಗೆ `PDFsam` ತಂತ್ರಾಂಶದಲ್ಲಿ `Alternate Mix` ಇದೆ. ಸಮ ಕಡತದ ಎದುರು ಹಿಂದುಮುಂದು ಮಾಡುವ ಗುರುತು ಹಾಕುವುದನ್ನು ಮರೆಯಬಾರದು. `NAPS2` ಎಂಬ ಸ್ಕ್ಯಾನಿಂಗ್ ತಂತ್ರಾಂಶದಲ್ಲಿ ಎರಡೂ ಓಟಗಳನ್ನು ಒಂದರ ಹಿಂದೆ ಒಂದು ಸ್ಕ್ಯಾನ್ ಮಾಡಿ `Alternate Interleave` ಒತ್ತಿದರೆ ಸಾಕು. ಆದರೆ ಅದು ಪಟ್ಟಿಯನ್ನು ನಡುವೆ ಅರ್ಧಕ್ಕೆ ಸೀಳಿ ಹೆಣೆಯುತ್ತದೆ. ಎರಡೂ ಓಟಗಳ ಪುಟಗಳು ಸರಿಸಮ ಇಲ್ಲದಿದ್ದರೆ ಫಜೀತಿ.

ಹೆಣೆದಾಯಿತು ಎಂದು ಕಡತ ತೆರೆದೆ. ಮೊದಲ ಹತ್ತು ಪುಟ ಸರಿ. ಸಮಾಧಾನದಿಂದ ಕೊನೆಗೆ ಹೋದೆ. ಖಾಲಿ ಪುಟ ಕಟ್ಟಕಡೆಗೆ ಬರಬೇಕಿತ್ತು. ಅದು 67ರ ಹಿಂದೆ ಕೂತಿತ್ತು! 65, ಖಾಲಿ, 67. ಎಲ್ಲೋ ಒಂದು ಪುಟ ತಪ್ಪಿಸಿಕೊಂಡಿದೆ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಎರಡು ಕಡತಗಳ ಪುಟ ಎಣಿಸಿದೆ. ಬೆಸದಲ್ಲಿ 34, ಸಮದಲ್ಲಿ 33. ಖಾಲಿ ಪುಟಗಳನ್ನು ತಾನಾಗಿ ತೆಗೆದುಹಾಕುವ ಸೌಲಭ್ಯ ಕೆಲವು ಯಂತ್ರಗಳಲ್ಲಿರುತ್ತದೆ; ಮೊದಲು ಅದರ ಮೇಲೆಯೇ ನನಗೆ ಅನುಮಾನ. ಆದರೆ ಖಾಲಿ ಪುಟ ಕಡತದಲ್ಲೇ ಇತ್ತಲ್ಲ. ಅಲ್ಲದೆ ಕಟ್ಟಕಡೆಯ ಖಾಲಿ ಬೆನ್ನು ಹೋದರೆ ಈ ಬಗೆಯ ಹೆಣಿಗೆಗೆ ಏನೂ ಬಾಧೆಯಿಲ್ಲ. 66ರ ನಂತರ 67 ಬಂದು ನಿಲ್ಲುತ್ತದೆ, ಅಷ್ಟೇ. ಅಪಾಯವಿರುವುದು ನಡುವಿನ ಖಾಲಿ ಪುಟ ಹೋದಾಗ. ಒಂದು ಅಧ್ಯಾಯ ಬೆಸ ಪುಟದಲ್ಲಿ ಮುಗಿದು ಬೆನ್ನು ಖಾಲಿ ಬಿಟ್ಟಿದ್ದರೆ, ಅದನ್ನು ಯಂತ್ರ ಜಾಣತನದಿಂದ ಕಿತ್ತುಹಾಕಿದರೆ, ಅಲ್ಲಿಂದಾಚೆ ಎಲ್ಲವೂ ಒಂದು ಜೋಡಿ ಆಚೀಚೆ. ಎರಡು ಓಟದ ಕೆಲಸಕ್ಕೆ ಆ ಸೌಲಭ್ಯವನ್ನು ಆರಿಸಿಯೇ ಇಡಬೇಕು. ಬೇಡದ ಖಾಲಿ ಪುಟಗಳನ್ನು ಹೆಣೆದ ಮೇಲೆ ತೆಗೆಯಬಹುದು.

ಹಾಗಾದರೆ ನನ್ನದು ಎರಡು ಹಾಳೆ ಒಟ್ಟಿಗೆ ನುಗ್ಗಿದ ಪ್ರಕರಣ. ರೋಲರು ಒಂದನ್ನು ಎಳೆದಾಗ ಅದರ ಕೆಳಗಿನದೂ ಅಂಟಿಕೊಂಡು ಹೋಗುತ್ತದೆ, ಮೇಲಿನದರ ಮೇಲ್ಮೈ ಮಾತ್ರ ಸ್ಕ್ಯಾನ್ ಆಗುತ್ತದೆ. ಎಲ್ಲಿ ಎಂದು ಹುಡುಕಲು 67 ಪುಟವನ್ನೂ ತಿರುವಬೇಕಿಲ್ಲ. ಕಾಣೆಯಾದ ಪುಟದವರೆಗೆ ಅನುಕ್ರಮ ಸರಿ, ಅದರ ನಂತರ ಪೂರ್ತಿ ತಪ್ಪು. ಹಾಗಾಗಿ ನಡುವೆ ಇಣುಕಿ, ಸರಿಯಿದ್ದರೆ ಮುಂದಕ್ಕೆ, ತಪ್ಪಿದ್ದರೆ ಹಿಂದಕ್ಕೆ ಹೋಗುತ್ತ ಜಾಗವನ್ನು ಅರ್ಧರ್ಧ ಮಾಡಿಕೊಂಡರಾಯಿತು. ಕೊರತೆ ಸಮ ಕಡತದ್ದಾದ್ದರಿಂದ ಸಮ ಸ್ಥಾನಗಳನ್ನು ಮಾತ್ರ ನೋಡಿದೆ. ಪರದೆಯ 34ನೇ ಪುಟದಲ್ಲಿ ದೊಡ್ಡಪ್ಪನ ೩೪ ಇತ್ತು. 50ರಲ್ಲಿ ೫೨. ಹಿಂದೆ ಬಂದು 42 ನೋಡಿದರೆ ಸರಿ. 46ರಲ್ಲಿ ೪೮. 44ರಲ್ಲಿ ೪೬. ಐದೇ ಇಣುಕಿನಲ್ಲಿ ಸಿಕ್ಕಿಬಿತ್ತು. 43ರ ಮುಂದೆ 46, ಆಮೇಲೆ 45, 48, 47. ಹೋಗಿರುವುದು 44, ಅಂದರೆ 22ನೇ ಹಾಳೆಯ ಬೆನ್ನು.

ಹಾಳೆ ತೆಗೆದು ನೋಡಿದೆ. ಆ ಪುಟದಲ್ಲಿ ದೊಡ್ಡಪ್ಪ ನಾಲ್ಕು ಸಾಲಿನ ಮೇಲೆ ಒಂದು ಚೀಟಿ ಅಂಟಿಸಿ ತಿದ್ದಿ ಬರೆದಿದ್ದರು. ಗೋಂದು ಒಣಗಿ ಚೀಟಿಯ ಒಂದು ಮೂಲೆ ಮೇಲೆದ್ದಿತ್ತು. ಮೊದಲ ಓಟದಲ್ಲಿ ಹೇಗೋ ಬಿಟ್ಟುಕೊಂಡಿದ್ದ ಹಾಳೆಗಳು, ನಡುವೆ ನಾನು ಕಟ್ಟನ್ನು ಒತ್ತಿ ಮೇಜಿಗೆ ಕುಟ್ಟಿ ಸಮ ಮಾಡಿದಾಗ ಒಂದಕ್ಕೊಂದು ಕಚ್ಚಿಕೊಂಡಿರಬೇಕು. ಇಂಥ ಹಾಳೆಗಳನ್ನು ಟ್ರೇಗೆ ಹಾಕಲೇಬಾರದಿತ್ತು. ಗಾಜಿನ ಮೇಲಿಟ್ಟು ಆ ಒಂದು ಪುಟವನ್ನು `miss.pdf` ಎಂದು ತೆಗೆದೆ.

ಅದನ್ನು ಸಮ ಕಡತದಲ್ಲಿ ಎಲ್ಲಿ ಸೇರಿಸಬೇಕು? ಇಳಿಕೆಯ ಲೆಕ್ಕ ಇಲ್ಲಿ ಬೇಕಾಗುತ್ತದೆ. 34 ಹಾಳೆಗಳ ಕಟ್ಟಿನಲ್ಲಿ ಸಮ ಕಡತದ ಮೊದಲ ಸ್ಥಾನ 68ರದ್ದು, ಎರಡನೆಯದು 66ರದ್ದು. ಅಂದರೆ ಸ್ಥಾನವನ್ನು ಇಮ್ಮಡಿಸಿ 70ರಲ್ಲಿ ಕಳೆದರೆ ಪುಟಸಂಖ್ಯೆ. 12ನೇ ಸ್ಥಾನದಲ್ಲಿ 46 ಇದೆ. 44 ಅದರ ಪಕ್ಕ, 13ರಲ್ಲಿ ಕೂರಬೇಕು.

```
qpdf --empty --pages even.pdf 1-12 miss.pdf 1 even.pdf 13-z -- even2.pdf
```

ಮತ್ತೆ ಮೊದಲ ಆಜ್ಞೆಯನ್ನೇ `even.pdf` ಬದಲು `even2.pdf` ಎಂದು ಕೊಟ್ಟು ಹೆಣೆದೆ. ಈ ಸಲ ಖಾಲಿ ಪುಟ ಕಟ್ಟಕಡೆಗೆ ಹೋಗಿ ಕೂತಿತು.

ನನ್ನದು ಸುಲಭದ ತಪ್ಪು, ಎಣಿಕೆಯೇ ಹೇಳಿಬಿಟ್ಟಿತು. ಇದಕ್ಕಿಂತ ಕಳ್ಳ ತಪ್ಪೊಂದಿದೆ. ಎರಡೂ ಓಟಗಳಲ್ಲಿ ಒಂದೊಂದು ಸಲ ಹಾಳೆಗಳು ಜೋಡಿಯಾಗಿ ನುಗ್ಗಿದರೆ ಎರಡೂ ಕಡೆ 33 ಬರುತ್ತದೆ, ಎಣಿಕೆ ತಾಳೆಯಾಗುತ್ತದೆ. ಉದಾಹರಣೆಗೆ ಮೊದಲ ಓಟದಲ್ಲಿ 11, ಎರಡನೆಯದರಲ್ಲಿ 44 ಹೋಯಿತೆನ್ನಿ. 10ರವರೆಗೆ ಸರಿಯಿದ್ದು, ಅಲ್ಲಿಂದ 13, 12, 15, 14 ಎಂದು ತೊಡರಿಕೊಂಡು, 45ರಿಂದ ಮತ್ತೆ 46, 47 ಎಂದು ಸರಾಗವಾಗುತ್ತದೆ. ಮೊದಲ ಪುಟಗಳನ್ನೂ ಕೊನೆಯ ಪುಟಗಳನ್ನೂ ನೋಡಿ ಕಡತ ಮುಚ್ಚುವವರಿಗೆ ಇದು ಗೊತ್ತೇ ಆಗುವುದಿಲ್ಲ. ಹಿಡಿಯಲು ದಾರಿ ಒಂದೇ: ಸ್ಕ್ಯಾನ್ ಮಾಡುವ ಮುನ್ನವೇ ಹಾಳೆಗಳನ್ನು ಕೈಯಲ್ಲಿ ಎಣಿಸಿ ಬರೆದಿಟ್ಟುಕೊಂಡು, ಎರಡು ಕಡತಗಳನ್ನು ಒಂದಕ್ಕೊಂದು ಹೋಲಿಸುವ ಬದಲು ಆ ಸಂಖ್ಯೆಯೊಂದಿಗೆ ಹೋಲಿಸುವುದು. ಬ್ಯಾಂಕಿನ ಕ್ಯಾಷಿಯರ್ ನೋಟು ಎಣಿಸುವ ಹಾಗೆ ನಾನೀಗ ಎರಡು ಸಲ ಎಣಿಸುತ್ತೇನೆ.

ಕಟ್ಟು ದೊಡ್ಡದಿದ್ದರೆ ಇನ್ನೊಂದು ಮಾತು. ನನ್ನ ಟ್ರೇ ಹಿಡಿಯುವುದು 35 ಹಾಳೆ. ನೂರು ಹಾಳೆಯ ಬೆಸ ಪುಟಗಳನ್ನೆಲ್ಲ ಮೂರು ಕಂತಿನಲ್ಲಿ ಮುಗಿಸಿ ಆಮೇಲೆ ಸಮಕ್ಕೆ ಬಂದರೆ, ಕಂತುಗಳು ಅದಲುಬದಲಾಗುವ ಅಪಾಯವೂ ಸೇರಿಕೊಳ್ಳುತ್ತದೆ. ಒಂದು ಕಂತಿನ ಎರಡೂ ಮಗ್ಗುಲು ಮುಗಿಸಿ, ಹೆಣೆದು, ಎಣಿಕೆ ನೋಡಿ ಮುಂದಿನದಕ್ಕೆ ಹೋಗುವುದು ಲೇಸು. ಕೊನೆಗೆ ಮೂರು ಕಡತಗಳನ್ನು ಸಾಲಾಗಿ ಜೋಡಿಸಿದರಾಯಿತು; ಅಲ್ಲಿ ಹೆಣಿಗೆ ಬೇಕಿಲ್ಲ.

ಕಡತ ಕಳಿಸಿದ ಸಂಜೆ ಅಕ್ಕ ಫೋನ್ ಮಾಡಿದಳು. "ನಲವತ್ತನಾಲ್ಕನೇ ಪುಟದಲ್ಲಿ ಚೀಟಿ ಅಂಟಿಸಿದಾರಲ್ಲೋ, ಅದರ ಕೆಳಗೆ ಏನು ಬರೆದಿದ್ರು ನೋಡಿದ್ಯಾ?" ಅಂದಳು. ಎದ್ದಿದ್ದ ಮೂಲೆಯಿಂದ ಇಣುಕಿ ನೋಡಿದ್ದೆ. ಪೂರ್ತಿ ಎತ್ತಲು ಹೋದರೆ ಹಾಳೆ ಹರಿಯುತ್ತಿತ್ತು. ಕಂಡದ್ದು ಅವಳದೇ ಹೆಸರು, ಅಷ್ಟೇ.